ಹದಿನಾರು ಗಂಟೆ ಉಪವಾಸ, ಆದರೂ ಬೆಳಗಿನ ಶುಗರ್ 109

ರಕ್ತ ತೆಗೆಯುವ ಮೊದಲು ಲ್ಯಾಬಿನವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಖಾಲಿ ಹೊಟ್ಟೇಲಿ ಬಂದಿದ್ದೀರಾ?' ಹೌದು ಎಂದರೆ ಮುಗಿಯಿತು, ಸೂಜಿ ಒಳಗೆ. ಎಷ್ಟು ಗಂಟೆಯಿಂದ ಖಾಲಿ ಎಂದು ಕೇಳುವವರು ಕಡಿಮೆ. ರಾತ್ರಿ ಒಂಬತ್ತಕ್ಕೆ ಉಂಡು ಬೆಳಿಗ್ಗೆ ಏಳಕ್ಕೆ ಬಂದವರಿಗೂ, ಸಂಜೆ ಆರಕ್ಕೇ ಊಟ ಮುಗಿಸಿ ಮರುದಿನ ಹನ್ನೊಂದಕ್ಕೆ ಬಂದವರಿಗೂ ವರದಿಯಲ್ಲಿ ಅಚ್ಚಾಗುವ ಹೆಸರು ಒಂದೇ, ಫಾಸ್ಟಿಂಗ್ ಬ್ಲಡ್ ಶುಗರ್. ಮೊದಲನೆಯವರದು ಹತ್ತು ಗಂಟೆಯ ಉಪವಾಸ, ಎರಡನೆಯವರದು ಹದಿನೇಳು ಗಂಟೆಯದು.

ಮನೆಮಂದಿಯೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಉಣ್ಣುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸ ಅಷ್ಟು ಮುಖ್ಯವಾಗಿರಲಿಲ್ಲ. ಈಗ ದಿನದ ಎಂಟು ಗಂಟೆಯೊಳಗೆ ಊಟ ಮುಗಿಸಿ ಉಳಿದ ಹದಿನಾರು ಗಂಟೆ ನೀರಿನ ಮೇಲೆ ಇರುವ '16:8' ಪದ್ಧತಿ ಊರೂರಿಗೂ ಬಂದಿದೆ. ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ತುತ್ತು ಬಾಯಿಗಿಡುವವರು ಆಫೀಸಿಗೆ ನಾಲ್ಕಾರು ಮಂದಿ ಸಿಗುತ್ತಾರೆ. ಅವರಲ್ಲಿ ಹಲವರ ದೂರೂ ಒಂದೇ: ತೂಕ ಇಳಿದಿದೆ, ಪ್ಯಾಂಟು ಸಡಿಲವಾಗಿದೆ, ಮೈ ಹಗುರಾಗಿದೆ, ಬೆಳಗಿನ ಶುಗರ್ ಮಾತ್ರ ಜಗ್ಗುತ್ತಿಲ್ಲ. ಕೆಲವರಿಗಂತೂ ಎರಡು ಮೂರು ಅಂಕ ಏರಿಯೇ ಇರುತ್ತದೆ. ಏನೂ ತಿನ್ನದೆ ಸಕ್ಕರೆ ಏರುವುದು ಹೇಗೆ?

ಉತ್ತರ ಇರುವುದು ಹೊಟ್ಟೆಯಲ್ಲಲ್ಲ, ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ. ವಯಸ್ಕರೊಬ್ಬರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಹೆಚ್ಚೆಂದರೆ ಐದು ಗ್ರಾಂ, ಚಹಾ ಚಮಚದಲ್ಲಿ ಒಂದು ಚಮಚ. ಮಿದುಳೊಂದೇ ಗಂಟೆಗೆ ಹೆಚ್ಚುಕಡಿಮೆ ಅಷ್ಟನ್ನು ಉರಿಸಿಬಿಡುತ್ತದೆ. ಅಂದರೆ ರಾತ್ರಿ ಮಲಗಿದ ಮೇಲೆ ಯಾರೂ ತುಂಬಿಸದೆ ಹೋದರೆ ರಕ್ತದ ಸಕ್ಕರೆ ನಡುರಾತ್ರಿಯ ಮೊದಲೇ ಬರಿದಾಗಬೇಕು. ಹಾಗಾಗದಂತೆ ಯಕೃತ್ತು ಎಪ್ಪತ್ತು ಕಿಲೋ ತೂಕದ ವ್ಯಕ್ತಿಯಲ್ಲಿ ಗಂಟೆಗೆ ಎಂಟು ಗ್ರಾಂನಷ್ಟು ಗ್ಲೂಕೋಸನ್ನು ಸದ್ದಿಲ್ಲದೆ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮೊದಲು ತನ್ನೊಳಗೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪಿಷ್ಟದಂಥ ದಾಸ್ತಾನನ್ನು ಒಡೆಯುತ್ತದೆ. ಆ ದಾಸ್ತಾನು ನೂರು ಗ್ರಾಂ ಆಸುಪಾಸು. ಅದು ಕರಗುತ್ತ ಬಂದಂತೆ ಅಮೈನೋ ಆಮ್ಲ, ಲ್ಯಾಕ್ಟೇಟ್, ಕೊಬ್ಬು ಒಡೆದಾಗ ಸಿಗುವ ಗ್ಲಿಸರಾಲ್ ಇವುಗಳಿಂದ ಹೊಸ ಗ್ಲೂಕೋಸನ್ನೇ ತಯಾರಿಸುವ ಕೆಲಸ ಹೆಚ್ಚುತ್ತ ಹೋಗುತ್ತದೆ.

ಆದ್ದರಿಂದ ಬೆಳಗಿನ ಅಂಕಿ ಹಿಂದಿನ ರಾತ್ರಿ ತಿಂದ ಅನ್ನದ ಲೆಕ್ಕವಲ್ಲ. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ನೋಡಿದ ಹಾಗೆ ಅದು. ಮೋಟಾರು ಎಷ್ಟು ತುಂಬಿಸುತ್ತಿದೆ, ನಲ್ಲಿಗಳು ಎಷ್ಟು ಖಾಲಿ ಮಾಡುತ್ತಿವೆ ಎಂಬುದನ್ನು ಮಟ್ಟವೊಂದೇ ಹೇಳುವುದಿಲ್ಲ.

ಇದರ ಮೇಲೆ ಗಡಿಯಾರದ ಆಟ ಬೇರೆ. ನಸುಕಿನ ಮೂರು ನಾಲ್ಕು ಗಂಟೆಯಿಂದ ಕಾರ್ಟಿಸಾಲ್ ಏರತೊಡಗುತ್ತದೆ. ರಾತ್ರಿ ಸುರಿದ ಬೆಳವಣಿಗೆಯ ಹಾರ್ಮೋನಿನ ಪ್ರಭಾವವೂ ಆ ಹೊತ್ತಿಗೆ ಉಳಿದಿರುತ್ತದೆ. ಎರಡೂ ಸೇರಿ, ಏಳುವ ಹೊತ್ತಾಯಿತು, ಇಂಧನ ಬಿಡು ಎಂದು ಯಕೃತ್ತಿಗೆ ಹೇಳುತ್ತವೆ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವವರಲ್ಲಿ ಈ ಏರಿಕೆ ಗೊತ್ತೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರಲ್ಲಿ ಐದಾರು ಅಂಕ, ಕಾಯಿಲೆ ಇರುವವರಲ್ಲಿ ಇಪ್ಪತ್ತು ಮೂವತ್ತು ಅಂಕ ಏರಬಹುದು. ವೈದ್ಯರು ಇದನ್ನು 'ಡಾನ್ ಫಿನಾಮಿನನ್' ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ 101 ಇದ್ದ ಸಕ್ಕರೆ ಏನೂ ತಿನ್ನದೆಯೇ ಎಂಟೂವರೆಗೆ 110 ಆಗುವುದು ಹೀಗೆ.

ಬೆಳಗಿನ ಹೊತ್ತಿನ ಈ ಪ್ರಭಾವ ಎಷ್ಟೆಂಬುದಕ್ಕೆ ಅಮೆರಿಕದ ಒಂದು ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಒಳ್ಳೆಯ ಸಾಕ್ಷಿ. ಅದರಲ್ಲಿ ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಕೆಲವರನ್ನು ಬೆಳಿಗ್ಗೆ, ಕೆಲವರನ್ನು ಮಧ್ಯಾಹ್ನ ಪರೀಕ್ಷಿಸಿದ್ದರು. 2000ನೇ ಇಸವಿಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಬೆಳಗಿನವರ ಸರಾಸರಿ 97, ಮಧ್ಯಾಹ್ನದವರದು 92. ಮಧ್ಯಾಹ್ನದವರು ಹೆಚ್ಚು ಹೊತ್ತು ಉಪವಾಸ ಇದ್ದರೇ ಎಂದರೆ ಅದೂ ಇಲ್ಲ; ಬೆಳಗಿನವರೇ ಹೆಚ್ಚು ಹೊತ್ತು ಖಾಲಿ ಹೊಟ್ಟೆಯಲ್ಲಿದ್ದರು. 126ರ ಗಡಿ ದಾಟಿದವರು ಮಧ್ಯಾಹ್ನದ ಗುಂಪಿನಲ್ಲಿ ಬೆಳಗಿನದರ ಅರ್ಧದಷ್ಟು ಮಾತ್ರ ಸಿಕ್ಕರು. ಹೆಚ್ಚು ಹೊತ್ತು ಉಪವಾಸವಿದ್ದರೆ ಸಕ್ಕರೆ ಅಷ್ಟೇ ಕಡಿಮೆ ಬರಬೇಕು ಎಂಬ ಲೆಕ್ಕಾಚಾರ ಇಲ್ಲೇ ಮುರಿದು ಬೀಳುತ್ತದೆ.

ಉಪವಾಸ ಹದಿನಾಲ್ಕು ಹದಿನಾರು ಗಂಟೆಗೆ ಎಳೆದಾಗ ಇನ್ನೊಂದು ಬದಲಾವಣೆ ಸೇರಿಕೊಳ್ಳುತ್ತದೆ. ಇನ್ಸುಲಿನ್ ತೀರ ಇಳಿಯುತ್ತದೆ, ಕೊಬ್ಬಿನ ಕೋಶಗಳು ಬಾಗಿಲು ತೆರೆದು ಕೊಬ್ಬಿನ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ, ಸ್ನಾಯುಗಳು ಅದನ್ನೇ ಉರಿಸತೊಡಗುತ್ತವೆ. ಕೊಬ್ಬು ಉರಿಸುತ್ತಿರುವ ಸ್ನಾಯು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ಪರಸ್ಪರ ಪೈಪೋಟಿಯನ್ನು ಬ್ರಿಟನ್ನಿನ ಫಿಲಿಪ್ ರಾಂಡಲ್ ಮತ್ತು ಸಂಗಡಿಗರು 1963ರಲ್ಲೇ ವಿವರಿಸಿದ್ದರು. ಇರುವ ಗ್ಲೂಕೋಸನ್ನು ಮಿದುಳಿಗೆ ಉಳಿಸುವ ಏರ್ಪಾಡು ಇದು. ಆ ಹೊತ್ತಿನಲ್ಲಿ ಅಳೆದರೆ, ಸ್ನಾಯುಗಳು ಮುಟ್ಟದೆ ಬಿಟ್ಟ ಗ್ಲೂಕೋಸ್ ರಕ್ತದಲ್ಲಿ ಒಂದಿಷ್ಟು ಹೆಚ್ಚಾಗಿ ಕಾಣಬಹುದು. ಎಲ್ಲರಿಗೂ ಹೀಗೆ ಆಗುವುದಿಲ್ಲ. ಬಹಳ ಜನರಿಗೆ ತೂಕ ಇಳಿದಂತೆ ಬೆಳಗಿನ ಸಕ್ಕರೆಯೂ ಇಳಿಯುತ್ತದೆ. ಅನ್ನ, ಮುದ್ದೆ, ಚಪಾತಿಗಳನ್ನೂ ತೀರ ಕಡಿಮೆ ಮಾಡಿದವರಲ್ಲಿ ಈ ಏರಿಕೆ ಕಾಣಿಸುವ ಸಾಧ್ಯತೆ ಹೆಚ್ಚು.

ಅಂಕಿ ಅಲುಗದಿದ್ದರೂ ಒಳಗಿನ ಸ್ಥಿತಿ ಸುಧಾರಿಸಿರಬಹುದು ಎಂಬುದಕ್ಕೆ ಚಿಕ್ಕದಾದರೂ ಅಚ್ಚುಕಟ್ಟಾದ ಒಂದು ಪ್ರಯೋಗವಿದೆ. ಅಮೆರಿಕದ ಕರ್ಟ್ನಿ ಪೀಟರ್ಸನ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಎಂಟು ಗಂಡಸರು ಐದು ವಾರ ದಿನದ ಊಟವನ್ನೆಲ್ಲ ಆರು ಗಂಟೆಯೊಳಗೆ ಮುಗಿಸಿದರು. ಕೊನೆಯ ಊಟ ಮಧ್ಯಾಹ್ನ ಮೂರರೊಳಗೆ. ಇನ್ನೊಂದು ಐದು ವಾರ ಅಷ್ಟೇ ಆಹಾರವನ್ನು ಹನ್ನೆರಡು ಗಂಟೆಗೆ ಹರಡಿ ತಿಂದರು. ತೂಕ ಇಳಿಯದಂತೆ ಅಳೆದೇ ಬಡಿಸಿದ್ದರು. ಕೊನೆಗೆ ನೋಡಿದರೆ ಬೆಳಗಿನ ಗ್ಲೂಕೋಸಿನಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಖಾಲಿ ಹೊಟ್ಟೆಯ ಇನ್ಸುಲಿನ್ ಇಳಿದಿತ್ತು, ರಕ್ತದೊತ್ತಡವೂ ಇಳಿದಿತ್ತು. ಅದೇ ಸಕ್ಕರೆಯನ್ನು ಹಿಡಿದಿಡಲು ಮೇದೋಜೀರಕ ಗ್ರಂಥಿ ಮೊದಲಿನಷ್ಟು ಏದುಸಿರು ಬಿಡಬೇಕಾಗಿರಲಿಲ್ಲ. ಎಂಟೇ ಜನರ ಅಧ್ಯಯನವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ, ಆದರೆ ಬೆಳಗಿನ ಅಂಕಿ ಏನನ್ನು ತೋರಿಸುವುದಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈಗ ಒಂದು ವರದಿಯನ್ನೇ ಮುಂದಿಟ್ಟುಕೊಂಡು ಓದೋಣ. ವ್ಯಕ್ತಿ ಕಲ್ಪಿತ, ಅಂಕಿಗಳು ಮಾತ್ರ ಕ್ಲಿನಿಕ್ಕುಗಳಲ್ಲಿ ನೋಡಸಿಗುವಂಥವೇ. ಹಾಸನದ ಒಬ್ಬ ಹೈಸ್ಕೂಲ್ ಮೇಷ್ಟ್ರು, ವಯಸ್ಸು 46, ತೂಕ 78 ಕಿಲೋ. ಫಾಸ್ಟಿಂಗ್ 104, ಊಟವಾಗಿ ಎರಡು ಗಂಟೆಯ ನಂತರದ ಪಿಪಿ 168, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.0, ಟ್ರೈಗ್ಲಿಸರೈಡ್ 210. ಮಾತ್ರೆ ಏನೂ ಇಲ್ಲ. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಊಟ ಎಂದು ನಿಯಮ ಹಾಕಿಕೊಂಡು, ಆರು ಗಂಟೆಯ ಕಾಫಿಯನ್ನೂ ಬಿಟ್ಟರು. ಮೂರು ತಿಂಗಳಾದ ಮೇಲೆ, ಭಾನುವಾರ ತಾನೇ ಎಂದು ಆರಾಮವಾಗಿ ಹನ್ನೊಂದಕ್ಕೆ ಲ್ಯಾಬಿಗೆ ಹೋದರು. ಫಾಸ್ಟಿಂಗ್ 109, ಪಕ್ಕದಲ್ಲಿ ದಪ್ಪಕ್ಷರದ 'H'. ಮೇಷ್ಟ್ರ ಮುಖ ಸಪ್ಪಗಾಯಿತು.

ಮೊದಲ ಪ್ರಶ್ನೆ: ಇದು ಏರಿಕೆಯೇ? ಒಬ್ಬರದೇ ರಕ್ತವನ್ನು ಒಂದೇ ರೀತಿಯಲ್ಲಿ ಬೇರೆ ಬೇರೆ ದಿನ ಅಳೆದರೂ ಫಾಸ್ಟಿಂಗ್ ಗ್ಲೂಕೋಸ್ ಶೇಕಡಾ ಐದಾರರಷ್ಟು ಅತ್ತಿತ್ತ ಆಗುವುದು ಸಹಜ. 104ಕ್ಕೆ ಅದು ಆರು ಅಂಕ. ಹಾಗಾಗಿ 104 ಮತ್ತು 109ರ ನಡುವಿನ ಅಂತರದಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ. ಎರಡನೆಯದು, ಹೋಲಿಕೆಯೇ ಸರಿಯಿಲ್ಲ. ಮೊದಲ ಸಲ ಹತ್ತು ಗಂಟೆ ಖಾಲಿ ಹೊಟ್ಟೆ, ಬೆಳಿಗ್ಗೆ ಏಳೂವರೆ. ಈ ಸಲ ಹದಿನೈದು ಗಂಟೆ, ಎದ್ದು ಓಡಾಡಿ ನಾಲ್ಕೈದು ಗಂಟೆಯಾದ ಮೇಲೆ.

ಇನ್ನು ಪಕ್ಕದ ಸಾಲುಗಳು. ಪಿಪಿ 168ರಿಂದ 142ಕ್ಕೆ ಬಂದಿದೆ. ಟ್ರೈಗ್ಲಿಸರೈಡ್ 138. ತೂಕ 73. ಎಚ್‌ಬಿಎ1ಸಿ 5.6. ಎಚ್‌ಬಿಎ1ಸಿಯನ್ನು ಸರಾಸರಿ ಗ್ಲೂಕೋಸಿಗೆ ಬದಲಾಯಿಸುವ ಸೂತ್ರದಂತೆ 6.0 ಎಂದರೆ ಸುಮಾರು 126, 5.6 ಎಂದರೆ 114. ಅಂದರೆ ಹಗಲು ರಾತ್ರಿ ಸೇರಿ ರಕ್ತದ ಸಕ್ಕರೆ ಸರಾಸರಿ ಹನ್ನೆರಡು ಅಂಕ ಇಳಿದಿದೆ. ಇಳಿದದ್ದು ಬಹುಪಾಲು ಊಟದ ನಂತರದ ಏರಿಳಿತದಲ್ಲಿ. ಫಾಸ್ಟಿಂಗ್ ಒಂದನ್ನೇ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಅವರ ವೈದ್ಯರು ಎರಡೂ ಸಲ ಫಾಸ್ಟಿಂಗ್ ಇನ್ಸುಲಿನ್ನನ್ನೂ ಬರೆದುಕೊಟ್ಟಿದ್ದರು ಎಂದಿಟ್ಟುಕೊಳ್ಳೋಣ: ಮೊದಲು 15, ಈಗ 7. ಗ್ಲೂಕೋಸನ್ನು ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸಿದರೆ ಇನ್ಸುಲಿನ್ ಪ್ರತಿರೋಧದ ಒರಟು ಅಂದಾಜು ಸಿಗುತ್ತದೆ. ಮೊದಲು 3.9, ಈಗ 1.9. ಗ್ಲೂಕೋಸ್ ಐದು ಅಂಕ ಹೆಚ್ಚಿದ್ದರೂ ಪ್ರತಿರೋಧ ಅರ್ಧಕ್ಕೆ ಇಳಿದಿದೆ. ಇನ್ಸುಲಿನ್ ಅಳತೆ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಕಾಯಿಲೆ ಇದೆಯೇ ಇಲ್ಲವೇ ಎಂದು ನಿರ್ಧರಿಸಲು ಇದನ್ನು ಬಳಸುವುದಿಲ್ಲ. ಎಲ್ಲರೂ ದುಡ್ಡು ಸುರಿದು ಮಾಡಿಸಬೇಕಾದ ಪರೀಕ್ಷೆಯೂ ಅಲ್ಲ. ಬೆಳಗಿನ ಅಂಕಿಯೂ ಉಳಿದ ಅಂಕಿಗಳೂ ಬೇರೆ ಬೇರೆ ಕಥೆ ಹೇಳುವಾಗ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಮೇಷ್ಟ್ರು ಏನು ಮಾಡಬೇಕು? ರಾತ್ರಿ ಎಂಟಕ್ಕೆ ಎಂದಿನಂತೆ ಊಟ ಮುಗಿಸಿ, ಬೆಳಿಗ್ಗೆ ಆರರಿಂದ ಎಂಟರೊಳಗೆ, ಹತ್ತರಿಂದ ಹನ್ನೆರಡು ಗಂಟೆಯ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ರಕ್ತ ಕೊಡಬೇಕು. ಕನಿಷ್ಠ ಎಂಟು ಗಂಟೆ ಎಂಬುದು ಪರೀಕ್ಷೆಯ ನಿಯಮ. 100, 126 ಎಂಬ ಗಡಿಗಳು ಹೊಂದುವುದು ರಾತ್ರಿ ಉಂಡು ಬೆಳಿಗ್ಗೆ ಕೊಡುವ ಇಂಥ ರಕ್ತಕ್ಕೆ. ನೀರು ಕುಡಿಯಬಹುದು. ಹಾಲು ಸಕ್ಕರೆ ಬೆರೆತ ಫಿಲ್ಟರ್ ಕಾಫಿ ಎರಡು ಗುಟುಕಾದರೂ ಉಪವಾಸ ಅಲ್ಲಿಗೆ ಮುಗಿದಂತೆ. ಸಕ್ಕರೆ ಹಾಕದ ಕಪ್ಪು ಕಾಫಿಯೂ ಪರೀಕ್ಷೆಯ ದಿನ ಬೇಡ, ಕೆಫೀನ್ ಕೆಲವರಲ್ಲಿ ಸಕ್ಕರೆಯನ್ನು ಕದಲಿಸುತ್ತದೆ.

ದೀರ್ಘ ಉಪವಾಸದ ಮರುಗಳಿಗೆಯ ಮೊದಲ ಊಟವೂ ದಾರಿ ತಪ್ಪಿಸಬಲ್ಲದು. ಕೊಬ್ಬು ಉರಿಸುವುದಕ್ಕೆ ಒಗ್ಗಿಕೊಂಡ ಸ್ನಾಯುಗಳ ಮುಂದೆ ಇದ್ದಕ್ಕಿದ್ದಂತೆ ಅನ್ನ ಬಂದಾಗ ಇನ್ಸುಲಿನ್ನಿನ ಮೊದಲ ಅಲೆ ತಡವಾಗುತ್ತದೆ, ಸಕ್ಕರೆ ಎತ್ತರಕ್ಕೆ ಜಿಗಿಯುತ್ತದೆ. ಇಸ್ರೇಲಿನ ಡೇನಿಯೆಲಾ ಯಾಕುಬೊವಿಚ್ ತಂಡ 2015ರಲ್ಲಿ ಟೈಪ್ 2 ಕಾಯಿಲೆಯ 22 ಜನರಲ್ಲಿ ಇದನ್ನು ತೋರಿಸಿತು: ತಿಂಡಿ ಬಿಟ್ಟ ದಿನ, ಅದೇ ಮಧ್ಯಾಹ್ನದ ಊಟ, ಅದೇ ರಾತ್ರಿಯ ಊಟ ತಿಂದರೂ ಸಕ್ಕರೆ ತಿಂಡಿ ತಿಂದ ದಿನಕ್ಕಿಂತ ಹೆಚ್ಚು ಏರಿತ್ತು. ಹದಿನಾರು ಗಂಟೆಯ ನಂತರದ ಮೊದಲ ಊಟಕ್ಕೆ ಪಿಪಿ ಮಾಡಿಸಿ ಗಾಬರಿಯಾಗುವ ಮೊದಲು ಇದು ನೆನಪಿರಬೇಕು. ದಿನದ ಎರಡನೇ ಊಟದ ನಂತರವೂ ಒಮ್ಮೆ ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ.

75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುವ ಪರೀಕ್ಷೆಯಲ್ಲಂತೂ ಈ ತಪ್ಪು ದುಬಾರಿ. ಇದು ಹೊಸ ತಿಳಿವಳಿಕೆಯೇನಲ್ಲ. 1890ರಲ್ಲೇ ಫ್ರಾಂಜ್ ಹೋಫ್‌ಮೈಸ್ಟರ್ ಎಂಬ ವಿಜ್ಞಾನಿ, ಹಸಿದ ನಾಯಿಗಳಿಗೆ ಪಿಷ್ಟ ತಿನ್ನಿಸಿದರೆ ಅವುಗಳ ಮೂತ್ರದಲ್ಲಿ ಸಕ್ಕರೆ ಬರುವುದನ್ನು ಗಮನಿಸಿ ಅದಕ್ಕೆ ಹಸಿವಿನ ಮಧುಮೇಹ ಎಂದೇ ಹೆಸರಿಟ್ಟಿದ್ದ. 1940ರಲ್ಲಿ ಅಮೆರಿಕದ ಜೆರೋಮ್ ಕಾನ್, ಈ ಪರೀಕ್ಷೆಗೆ ಮೊದಲು ಎಲ್ಲರಿಗೂ ಒಂದೇ ಬಗೆಯ ಪೂರ್ವಸಿದ್ಧತೆಯ ಆಹಾರ ಕೊಡದಿದ್ದರೆ ಫಲಿತಾಂಶ ಓದಲಾಗದು ಎಂದು ಬರೆದ. ಇಂದಿನ ನಿಯಮವೂ ಅದೇ: ಪರೀಕ್ಷೆಗೆ ಮುಂಚಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬಿದ್ದಿರಬೇಕು. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲಿ ಸುಮಾರು 65ರಿಂದ 70 ಗ್ರಾಂ ಇರುತ್ತದೆ. ಎರಡು ಮುದ್ದೆ, ಮೇಲೊಂದು ಹಿಡಿ ಅನ್ನ ಎಂದರೆ ಲೆಕ್ಕ ಸರಿಹೋಗುತ್ತದೆ. ಅನ್ನವನ್ನೇ ಬಿಟ್ಟು, ದಿನಕ್ಕೊಂದೇ ಊಟ ಮಾಡುವವರು ನೇರ ಹೋಗಿ ಗ್ಲೂಕೋಸ್ ನೀರು ಕುಡಿದರೆ, ಇಲ್ಲದ ಕಾಯಿಲೆಯ ಹೆಸರು ಹೊತ್ತು ಬರುವ ಸಂಭವ ಇದೆ.

ಅಂಕಿ ಸುಳ್ಳಾಗಿ ಕಡಿಮೆ ತೋರಿಸುವುದೂ ಉಂಟು, ಅದು ಇನ್ನೂ ಅಪಾಯ. ಸಿರಿಂಜಿನಿಂದ ಕೊಳವೆಗೆ ಬಿದ್ದ ರಕ್ತದಲ್ಲಿ ಕಣಗಳು ಜೀವಂತವಾಗಿಯೇ ಇರುತ್ತವೆ, ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಗಂಟೆಗೆ ಶೇಕಡಾ ಐದರಿಂದ ಏಳರಷ್ಟು ಇಳಿಯುತ್ತದೆ. ಮೇಷ್ಟ್ರ ಅದೇ 109ರ ರಕ್ತವನ್ನು ಮನೆಯಿಂದ ಸಂಗ್ರಹಿಸಿದ ಹುಡುಗ ಇನ್ನು ನಾಲ್ಕು ಮನೆ ಸುತ್ತಿ ಎರಡು ಗಂಟೆ ಬಿಟ್ಟು ತಲುಪಿಸಿದರೆ ಯಂತ್ರ ತೋರಿಸುವುದು 96, 97. 'H' ಮಾಯ, ಎಲ್ಲ ನಾರ್ಮಲ್! ಬೂದು ಮುಚ್ಚಳದ ಕೊಳವೆಯಲ್ಲಿ ಇರುವ ಫ್ಲೋರೈಡ್ ಇದನ್ನು ತಡೆಯುತ್ತದೆ, ಆದರೆ ಅದು ಪೂರ್ತಿ ಹಿಡಿತ ಸಾಧಿಸಲು ಒಂದೆರಡು ಗಂಟೆ ಬೇಕು. ಗಡಿಯ ಆಸುಪಾಸಿನ ಅಂಕಿಯವರು ಲ್ಯಾಬಿಗೇ ಹೋಗಿ ಕೊಡುವುದು ವಾಸಿ.

ಮನೆಯ ಗ್ಲೂಕೋಮೀಟರಿನ ಕಥೆ ಬೇರೆ. 100ಕ್ಕಿಂತ ಮೇಲಿನ ಅಳತೆಯಲ್ಲಿ ಶೇಕಡಾ 15ರಷ್ಟು ಅತ್ತಿತ್ತ ಆಗಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ನಿಜವಾದ ಸಕ್ಕರೆ 110 ಇದ್ದರೆ ಮೀಟರು 94 ತೋರಿಸಿದರೂ 126 ತೋರಿಸಿದರೂ ಅದು ನಿಯಮದೊಳಗೇ ಇದೆ. ಎದ್ದಾಗ, ಮೊದಲ ಊಟಕ್ಕೆ ಮುಂಚೆ, ಊಟವಾಗಿ ಎರಡು ಗಂಟೆಗೆ ಎಂದು ಎರಡು ವಾರ ಬರೆದಿಟ್ಟುಕೊಂಡರೆ ಏರಿಳಿತದ ದಾರಿ ಗೊತ್ತಾಗುತ್ತದೆ. ಅದರ ಒಂದು ಅಂಕಿಯನ್ನು ಹಿಡಿದು ಕಾಯಿಲೆ ಬಂತು ಎಂದೋ ಹೋಯಿತು ಎಂದೋ ಹೇಳಲಾಗದು.

ಎಚ್‌ಬಿಎ1ಸಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಕಬ್ಬಿಣಾಂಶ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ರಕ್ತಕಣಗಳು ಬೇಗ ನಾಶವಾಗುವ ತೊಂದರೆಗಳಲ್ಲಿ ಕಡಿಮೆ. ನಮ್ಮಲ್ಲಿ ಹೆಣ್ಣುಮಕ್ಕಳ ವರದಿ ಓದುವಾಗ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಪಕ್ಕದಲ್ಲೇ ನೋಡುವುದು ಅದಕ್ಕೇ. ಇನ್ನೊಂದು ವಿಷಯ, ಈ ಪರೀಕ್ಷೆಯಲ್ಲಿ ಊಟದ ಕ್ರಮ ಬದಲಾಯಿಸಿದ ಫಲ ಪೂರ್ತಿ ಕಾಣಲು ಎರಡು ಮೂರು ತಿಂಗಳು ಬೇಕು.

ಮೇಲೆ ಹೇಳಿದ್ದೆಲ್ಲ ಬೆಳಗಿನ ಸಕ್ಕರೆ ಏರಿದವರಿಗೆಲ್ಲ ಸಮಾಧಾನ ಹೇಳುವ ಮಾತಲ್ಲ. 'ಉಪವಾಸ ಮಾಡ್ತೀನಲ್ಲ, ಅದಕ್ಕೇ ಹೆಚ್ಚು ಬರುತ್ತೆ, ಏನಾಗಲ್ಲ' ಎಂದು ತಾವೇ ತೀರ್ಪು ಕೊಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ಉಪವಾಸದ ನೆಪಕ್ಕೆ ಸಿಗುವುದು ಕೆಲವೇ ಅಂಕಗಳ ರಿಯಾಯಿತಿ. ಸರಿಯಾದ ಹೊತ್ತಿನಲ್ಲಿ, ಸರಿಯಾದ ಅವಧಿಯ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ಲ್ಯಾಬಿನ ರಕ್ತದಲ್ಲಿ 126 ಅಥವಾ ಮೇಲೆ ಬಂದರೆ ಅದು ಸಕ್ಕರೆ ಕಾಯಿಲೆಯೇ, ತೂಕ ಎಷ್ಟೇ ಇಳಿದಿರಲಿ. ಬೆಳಿಗ್ಗೆ 108 ಇದ್ದು ಪಿಪಿಯೂ ಏರುತ್ತಿದ್ದರೆ, ಎಚ್‌ಬಿಎ1ಸಿ ಕೂಡ ಮೇಲಕ್ಕೆ ಸಾಗುತ್ತಿದ್ದರೆ ಅಲ್ಲಿ ಹದಿನಾರು ಗಂಟೆಯ ವಿವರಣೆ ನಿಲ್ಲುವುದಿಲ್ಲ.

ಮಾತ್ರೆ ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕ ಬೇರೆಯೇ. ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಊಟ ಬಂತೋ ಇಲ್ಲವೋ ಎಂದು ನೋಡದೆ ಇನ್ಸುಲಿನ್ ಸುರಿಸುತ್ತವೆ. ಎಂದಿನ ಡೋಸ್ ನುಂಗಿ ತಿಂಡಿ ಬಿಟ್ಟರೆ ಸಕ್ಕರೆ ಕುಸಿದು ಬೆವರು, ನಡುಕ, ಕಣ್ಣುಕತ್ತಲೆ ಬರುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಲ್ಲಿ ಅಪಾಯ ತಿರುವುಮುರುವು: ದೀರ್ಘ ಉಪವಾಸದಲ್ಲಿ ಕೀಟೋನ್ ಆಮ್ಲಗಳು ವಿಪರೀತ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೂ ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ. ಅಂಕಿ ಚೆನ್ನಾಗಿದೆ ಎಂದು ಮನೆಯಲ್ಲೇ ಉಳಿದವರು ಐಸಿಯುಗೆ ಬರುವುದು ಹೀಗೆ. ರಂಜಾನ್ ಉಪವಾಸ ಮಾಡುವ ಮಧುಮೇಹಿಗಳಿಗೆಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ಅದರ ಸಹಭಾಗಿ ಸಂಸ್ಥೆ ರೂಪಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟ ಗೆರೆ ಇದೆ: ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಉಪವಾಸ ಆ ಕ್ಷಣವೇ ಮುರಿಯಬೇಕು, ಮೈ ಸರಿಯಿಲ್ಲ ಎನಿಸಿದರೆ ಅಂಕಿ ಏನೇ ಇರಲಿ, ಮುರಿಯಬೇಕು. 16:8 ಮಾಡುವವರಿಗೂ, ಏಕಾದಶಿ ಮಾಡುವವರಿಗೂ ಬಳಸಬಹುದಾದ ಗೆರೆ ಅದು. ಇಂಥವರು ಉಪವಾಸ ಶುರುಮಾಡುವ ಮೊದಲೇ ವೈದ್ಯರ ಬಳಿ ಡೋಸ್ ಬದಲಾಯಿಸಿಕೊಳ್ಳಬೇಕು.

ಉಳಿದದ್ದೆಲ್ಲ ಸರಿಯಿದ್ದು ಬೆಳಗಿನ ಅಂಕಿ ಮಾತ್ರ ಹಟ ಹಿಡಿದಿರುವವರು ಹೆಚ್ಚು ಗಂಟೆ ಹಸಿಯುವ ಬದಲು ಊಟದ ಹೊತ್ತನ್ನು ಹಿಂದಕ್ಕೆ ಸರಿಸಿ ನೋಡಬಹುದು. ಪೀಟರ್ಸನ್ ತಂಡದ ಪ್ರಯೋಗದಲ್ಲಿ ಉಪವಾಸ ಬಿದ್ದದ್ದು ಸಂಜೆ ರಾತ್ರಿಗೆ. ನಮ್ಮಲ್ಲಿ ಬಹುತೇಕರು ಬಿಡುವುದು ಬೆಳಗಿನ ತಿಂಡಿಯನ್ನು, ಭಾರಿ ಊಟ ರಾತ್ರಿ ಎಂಟೂವರೆಗೆ. ರಾತ್ರಿಯಾದಂತೆ ಇನ್ಸುಲಿನ್ ಸ್ರವಿಸುವ ಚುರುಕು ತಗ್ಗುವುದರಿಂದ ಅದೇ ಊಟ ರಾತ್ರಿ ಹೆಚ್ಚು ಸಕ್ಕರೆ ಏರಿಸುತ್ತದೆ. ಒಂಬತ್ತಕ್ಕೆ ತಿಂಡಿ, ಸಂಜೆ ಐದಕ್ಕೆ ಕೊನೆಯ ಊಟ ಎಂದರೂ ಗಂಟೆಗಳ ಲೆಕ್ಕ ಹದಿನಾರೇ. ಹೀಗೆ ಹೊತ್ತು ಬದಲಾಯಿಸಿದವರು ರಕ್ತ ಕೊಡುವ ದಿನಾಂಕದ ಜೊತೆಗೆ ಕೊನೆಯ ಊಟದ ಸಮಯವನ್ನೂ ವರದಿಯ ಮೂಲೆಯಲ್ಲಿ ಪೆನ್ನಿನಿಂದ ಬರೆದಿಟ್ಟರೆ, ಆರು ತಿಂಗಳ ನಂತರ ಅದನ್ನು ಕೈಗೆತ್ತಿಕೊಳ್ಳುವ ವೈದ್ಯರಿಗೆ ಎರಡು ಅಂಕಿಗಳನ್ನು ಹೋಲಿಸಬಹುದೋ ಇಲ್ಲವೋ ಎಂಬುದು ತಕ್ಷಣ ತಿಳಿಯುತ್ತದೆ.